ಟೆಂಪೆ: ಮೇಲೆ ಬಿಳಿ, ನಡುವೆ ಲೋಳೆ. ಮಳೆಗಾಲದಲ್ಲಿ ಬಿಸಿ ಎಷ್ಟಿಡಬೇಕು?

ತುಂಗಾ ದಂಡೆ · ಸೋಮವಾರ ಸಂಜೆ 7:10

ಊರು ತೀರ್ಥಹಳ್ಳಿ ಹತ್ತಿರ. ಜುಲೈ ಮಳೆ, ಮನೆಯೊಳಗೆ ಹಗಲಲ್ಲೂ 22 ಡಿಗ್ರಿ ದಾಟುವುದಿಲ್ಲ. ಟೆಂಪೆಗೆ ಮಾಡಿದ್ದು ಹೀಗೆ: ಸೋಯಾಬೀನ್ ಅರ್ಧ ಕೆಜಿ ರಾತ್ರಿ ನೆನೆಸಿ, ಬೆಳಿಗ್ಗೆ ಉಜ್ಜಿ ಸಿಪ್ಪೆ ತೆಗೆದು, ಕುಕ್ಕರಿನಲ್ಲಿ ಮೂರು ಸೀಟಿ. ನೀರು ಬಸಿದು, ಆರಿದ ಮೇಲೆ ಆನ್‌ಲೈನಲ್ಲಿ ತರಿಸಿದ ಹೆಪ್ಪಿನ ಪುಡಿ ಒಂದು ಟೀ ಚಮಚ ಬೆರೆಸಿದೆ. ಸ್ಟೀಲ್ ಡಬ್ಬದಲ್ಲಿ ಎರಡೂವರೆ ಇಂಚು ದಪ್ಪಕ್ಕೆ ತುಂಬಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ 40 ವ್ಯಾಟಿನ ಗುಂಡು ಬಲ್ಬ್ ಹಾಕಿಟ್ಟೆ. ಪೆಟ್ಟಿಗೆಯೊಳಗಿನ ಥರ್ಮಾಮೀಟರ್ ಉದ್ದಕ್ಕೂ 32 ತೋರಿಸುತ್ತಿತ್ತು.

30 ಗಂಟೆಗೆ ಮೇಲ್ಭಾಗ ಚೆಂದ ಬೆಳ್ಳಗಾಗಿತ್ತು. ಕೊಯ್ದು ನೋಡಿದರೆ ನಡುವೆ ಬಿಳಿಯೇ ಇಲ್ಲ. ಕಾಳು ಕಂದು, ಬೆರಳಿಗೆ ಲೋಳೆ, ಕೊಟ್ಟಿಗೆಯ ಘಾಟು. ಉಷ್ಣಾಂಶ ಸರಿಯಾಗಿಯೇ ಇತ್ತಲ್ಲ, ಮತ್ತೆ ಎಂತ ಆಯ್ತು?

ಬೋಂಡಾ ಪ್ರಿಯ · ಸೋಮವಾರ ಸಂಜೆ 7:42

ರಾತ್ರಿಯಿಡೀ ಯಾಕೆ ನೆನೆಸ್ತೀರಿ ಮಾರಾಯ್ರೇ, ಬಿಸಿನೀರಿಗೆ ಹತ್ತು ನಿಮಿಷ ಹಾಕಿ ಹಿಂಡಿದ್ರೆ ಸೋಯಾ ಚಂಕ್ಸ್ ಮೆತ್ತಗಾಗುತ್ತೆ. ವಾಸನೆ ಹೋಗೋಕೆ ಎರಡು ಸಲ ನೀರು ಬದಲಿಸಿ.

ತುಂಗಾ ದಂಡೆ · ಸೋಮವಾರ ಸಂಜೆ 7:50

ಚಂಕ್ಸ್ ಅಲ್ಲ ಸರ್, ಇಡೀ ಸೋಯಾಬೀನ್ ಕಾಳು. ಬೂಷ್ಟು ಬೆಳೆಸಿ ಗಟ್ಟಿ ಹಲ್ಲೆ ಮಾಡುವುದು.

ಸಾಗರದ ಸೋಮಾರಿ · ಸೋಮವಾರ ರಾತ್ರಿ 8:15

ಸಿಂಪಲ್. ಬಿಸಿ ನಡುವಿನವರೆಗೆ ಮುಟ್ಟಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬದಿದ್ದರೆ ಒಲೆ ಹತ್ತಿರ ಸರಿಸೋದಿಲ್ವಾ, ಅದೇ ಲೆಕ್ಕ. 60 ವ್ಯಾಟ್ ಬಲ್ಬ್ ಹಾಕಿ. ಇನ್ನೊಂದು, ಕಾಳಿನಲ್ಲಿ ನೀರು ಉಳಿದಿತ್ತು ಅನ್ಸುತ್ತೆ. ಲೋಳೆ ಬಂದ ಕಡೆಯೆಲ್ಲ ನೀರಿನದೇ ಕೆಲಸ.

ಹಾಳೆಕೊಟ್ಟೆ · ಸೋಮವಾರ ರಾತ್ರಿ 9:30

ಸೋಮಾರಿಯವರೇ, ನೀರಿನ ಮಾತು ಒಪ್ಪಿದೆ. ಬಲ್ಬಿನ ಮಾತು ಮಾತ್ರ ಉಲ್ಟಾ. 60 ವ್ಯಾಟ್ ಹಾಕಿದರೆ ಮೇಲಿದ್ದ ಬಿಳಿಯೂ ಹೋಗುತ್ತದೆ.

ಇಡ್ಲಿ ಹಿಟ್ಟು ಬಿಸಿಯನ್ನು ಹೊರಗಿನಿಂದ ತಗೊಳ್ಳುತ್ತದೆ. ಟೆಂಪೆ ಹಾಗಲ್ಲ. ಮೊದಲ ಹತ್ತು ಹನ್ನೆರಡು ಗಂಟೆ ಅದಕ್ಕೆ ನಮ್ಮ ಬಿಸಿ ಬೇಕು. ಬೀಜಕಣ ಮೊಳೆತು ಎಳೆ ಬಿಡಲು ಶುರುವಾದ ಮೇಲೆ ಅದೇ ಬಿಸಿ ಹುಟ್ಟಿಸುತ್ತದೆ. ಹದಿನಾಲ್ಕನೇ ಗಂಟೆಯಿಂದ ಮುಂದಕ್ಕೆ ಹಲ್ಲೆಯ ನಡುಭಾಗ ಸುತ್ತಲಿನ ಗಾಳಿಗಿಂತ ಐದಾರು ಡಿಗ್ರಿ ಹೆಚ್ಚಿರುವುದು ಮಾಮೂಲು, ದಪ್ಪವಿದ್ದರೆ ಹತ್ತೂ ಆಗುತ್ತದೆ. ನಿಮ್ಮ ಥರ್ಮಾಮೀಟರ್ ಅಳೆದದ್ದು ಪೆಟ್ಟಿಗೆಯ ಗಾಳಿಯನ್ನು. ಗಾಳಿ 32 ಇದ್ದಾಗ ಆ ಎರಡೂವರೆ ಇಂಚಿನ ಗಟ್ಟಿಯ ನಡುವೆ 42ರ ಆಸುಪಾಸು ಇದ್ದಿರಬೇಕು. ಟೆಂಪೆಯ ಬೂಷ್ಟು ರೈಜೋಪಸ್‌ಗೆ 30ರಿಂದ 32 ಹಿತ, 37ರವರೆಗೆ ತಡೆಯುತ್ತದೆ, 40 ದಾಟಿದರೆ ಸೊರಗುತ್ತದೆ. ಅದು ಸೊರಗಿದ ಜಾಗಕ್ಕೆ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಬರುತ್ತವೆ. ಅವುಗಳ ಬೀಜಕಣ ಕಾಳು ಬೇಯಿಸಿದರೂ ಸಾಯುವುದಿಲ್ಲ. 40ರ ಮೇಲಿನ ಬಿಸಿ, ಒದ್ದೆ ಮೈ ಎರಡೂ ಸಿಕ್ಕಿದರೆ ಪ್ರೋಟೀನ್ ಒಡೆದು ಅಮೋನಿಯಾ ಬಿಡುತ್ತವೆ. ನಿಮ್ಮ ಲೋಳೆ, ಘಾಟು, ಕಂದು ಬಣ್ಣ ಮೂರೂ ಅಲ್ಲಿಂದ ಬಂದವು.

ಇನ್ನು ಸ್ಟೀಲ್ ಡಬ್ಬ. ಬೂಷ್ಟು ಉಸಿರಾಡಬೇಕು. ತಳ, ಪಕ್ಕ ಎಲ್ಲ ಲೋಹ ಮುಚ್ಚಿದ್ದರಿಂದ ಗಾಳಿ ಸಿಕ್ಕಿದ್ದು ಮೇಲ್ಭಾಗಕ್ಕೆ ಮಾತ್ರ, ಬೆಳೆದದ್ದೂ ಅಲ್ಲೇ.

ಬಿಳಿಕೋಟು · ಸೋಮವಾರ ರಾತ್ರಿ 10:05

ಹಾಳೆಕೊಟ್ಟೆಯವರ ಮಾತಿಗೆ ಪೂರಕವಾಗಿ, ಕಾಳು ಕಟ್ಟಿಕೊಳ್ಳುವುದು ಹೇಗೆ ಅನ್ನುವುದು. ಬೂಷ್ಟು ಅಂಟು ಬಿಟ್ಟು ಕಾಳನ್ನು ಅಂಟಿಸುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಅಂಟು ಅಂತ ಏನೂ ಇಲ್ಲ. ಕಾಳಿನ ಮೈಮೇಲೆ ಕೂತ ಬೀಜಕಣ ಎಳೆ ಬಿಡುತ್ತದೆ, ಎಳೆ ಕವಲೊಡೆಯುತ್ತದೆ, ಎರಡು ಕಾಳಿನ ನಡುವಿನ ಗಾಳಿಯ ಸಂದು ದಾಟಿ ಪಕ್ಕದ ಕಾಳು ಹಿಡಿಯುತ್ತದೆ. ಕೆಲವು ಎಳೆ ಕಾಳಿನ ಒಳಕ್ಕೂ ಇಳಿಯುತ್ತವೆ, ಬಹುತೇಕ ಒಂದು ಮಿಲಿಮೀಟರಿನೊಳಗೆ. ಅಲ್ಲಿ ಬೇರು ಬಿಟ್ಟಂತೆ ಹಿಡಿದಿರುವುದರಿಂದಲೇ ಹಲ್ಲೆ ಕೊಯ್ದರೂ ಉದುರುವುದಿಲ್ಲ.

ಅದಕ್ಕೇ ಸಿಪ್ಪೆ ತೆಗೆಯುವುದು. ಸೋಯಾ ಸಿಪ್ಪೆಯನ್ನು ಎಳೆ ತೂರಲಾರದು. ಸಿಪ್ಪೆ ಉಳಿದ ಕಾಳು ಹಲ್ಲೆಯೊಳಗೆ ಸಡಿಲವಾಗಿ ಕೂತಿರುತ್ತದೆ, ಕೊಯ್ಯುವಾಗ ಅಲ್ಲೇ ಬಿರಿಯುತ್ತದೆ. ಹಾಗೆಯೇ ಸಂದಿನಲ್ಲಿ ಗಾಳಿಯ ಬದಲು ನೀರು ನಿಂತರೆ ಎಳೆ ದಾಟುವುದಿಲ್ಲ. ಮೂರು ಸೀಟಿಗೆ ಕಾಳು ಮುದ್ದೆಯಾಗಿದ್ದರೆ ದಾಟಲು ಸಂದೇ ಇರುವುದಿಲ್ಲ. ಕಾಳನ್ನು ಹಿಸುಕಿದರೆ ಎರಡು ಹೋಳಾಗಬೇಕು, ಹಿಟ್ಟಾಗಬಾರದು.

ತುಂಗಾ ದಂಡೆ · ಮಂಗಳವಾರ ಬೆಳಿಗ್ಗೆ 6:40

ಹಿಟ್ಟೇ ಆಗಿತ್ತು. ಇದೇ ಅರ್ಧ ಕೆಜಿಗೆ ಸರಿಯಾದ ಲೆಕ್ಕ ಒಂದು ಕೊಡ್ತೀರಾ? ಈ ಥಂಡಿಯಲ್ಲಿ ಫ್ಯಾನಿನಡಿ ಹರವಿದರೂ ಕಾಳು ಒಣಗೋದೇ ಇಲ್ಲ.

ಹಾಳೆಕೊಟ್ಟೆ · ಮಂಗಳವಾರ ಮಧ್ಯಾಹ್ನ 1:20

ಮಲೆನಾಡಿನ ಜುಲೈಗೆ ಹೊಂದುವ ಲೆಕ್ಕ ಹೇಳ್ತೇನೆ. ಬಯಲುಸೀಮೆಯವರಿಗೆ ಇಷ್ಟು ತಾಪತ್ರಯ ಬೇಡ.

ಒಣ ಕಾಳನ್ನೇ ಮೊದಲು ಒಡೆಸಿ. ಬೀಸುಕಲ್ಲಿನಲ್ಲಿ ಸಡಿಲ ಬಿಟ್ಟು ಒಂದು ಸುತ್ತು, ಇಲ್ಲವೇ ಮಿಲ್ಲಿನವರಿಗೆ ಹೇಳಿದರೆ ಕಲ್ಲು ಅಗಲಿಸಿ ಬೇಳೆ ಮಾಡಿಕೊಡುತ್ತಾರೆ. ಮೊರದಲ್ಲಿ ಕೇರಿದರೆ ಮುಕ್ಕಾಲು ಸಿಪ್ಪೆ ಅಲ್ಲೇ ಹೋಗುತ್ತದೆ. ಉಳಿದದ್ದು ನೆನೆಸಿದ ಮೇಲೆ ಕೈಯಲ್ಲಿ ಉಜ್ಜಿದಾಗ ನೀರಿನ ಮೇಲೆ ತೇಲುತ್ತದೆ. ಹನ್ನೆರಡು ಗಂಟೆ ನೆನೆಯಲಿ. ಬೇಯಿಸುವುದು ತೆರೆದ ಪಾತ್ರೆಯಲ್ಲಿ, ಹೊಸ ನೀರಿನಲ್ಲಿ, ಮುಕ್ಕಾಲು ಗಂಟೆ. ನೊರೆ ಬರುತ್ತದೆ, ತೆಗೆಯುತ್ತಿರಿ. ಕುಕ್ಕರ್ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ, ಈ ನೊರೆ ಮತ್ತು ಸಿಪ್ಪೆ ವೆಯ್ಟಿನ ತೂತಿಗೆ ಸಿಕ್ಕಿಕೊಳ್ಳುತ್ತವೆ.

ಒಣಗಿಸುವುದಕ್ಕೆ ಫ್ಯಾನ್ ನಂಬಬೇಡಿ, ಗಾಳಿಯೇ ಒದ್ದೆ ಇರುವಾಗ ಅದು ಏನು ಒಣಗಿಸೀತು? ಬಸಿದ ಕಾಳನ್ನು ಅದೇ ಪಾತ್ರೆಗೆ ವಾಪಸ್ ಹಾಕಿ, ಸಣ್ಣ ಉರಿಯಲ್ಲಿ ಐದು ನಿಮಿಷ ಕೆದಕಿ. ಈ ಹಂತದಲ್ಲೇ ವಿನೆಗರ್ ಎರಡು ಟೇಬಲ್ ಚಮಚ ಹಾಕಿ. ಹಬೆ ನಿಂತು, ಕಾಳಿನ ಹೊಳಪು ಹೋಗಿ ಮಂಕಾಗಬೇಕು. ಒಂದು ಹಿಡಿ ಕಾಳನ್ನು ಬಿಳಿ ಬಟ್ಟೆಯ ಮೇಲೆ ಒತ್ತಿ ತೆಗೆದರೆ ಬಟ್ಟೆಯಲ್ಲಿ ತೇವದ ಗುರುತು ಕಾಣಬಾರದು. ಮೈ ಮಾತ್ರ ಒಣಗಬೇಕು, ಒಳಗಿನ ತೇವ ಹಾಗೇ ಇರಲಿ.

ಕೈಗೆ ಉಗುರು ಬೆಚ್ಚಗೆ ಆಗುವವರೆಗೆ ಆರಲಿ, 35ಕ್ಕಿಂತ ಕೆಳಗೆ. ಹೆಪ್ಪು ಒಂದು ಟೀ ಚಮಚವನ್ನು ಹುರಿದು ತಣಿಸಿದ ಅಕ್ಕಿಹಿಟ್ಟು ಒಂದು ಚಮಚದ ಜೊತೆ ಬೆರೆಸಿಕೊಂಡು ಉದುರಿಸಿದರೆ ಎಲ್ಲ ಕಡೆಗೆ ಸಮ ಹರಡುತ್ತದೆ. ಒಣ ಚಮಚದಿಂದ ಎರಡು ನಿಮಿಷ ಪೂರ್ತಿ ಕಲೆಸಿ.

ಸಿಪ್ಪೆ ಹೋಗಿ ಬೆಂದ ಮೇಲೆ ನಿಮಗೆ ಹತ್ತಿರ ಹತ್ತಿರ ಒಂದು ಕೆಜಿ ಕಾಳು ಇರುತ್ತದೆ. ಮೂರು ಜಿಪ್ ಚೀಲಕ್ಕೆ ಹಂಚಿ, ಒಂದೊಂದರ ದಪ್ಪ ಎರಡು ಸೆಂಟಿಮೀಟರ್. ಎರಡೂವರೆ ದಾಟಬೇಡಿ. ತುಂಬುವ ಮೊದಲೇ ಚೀಲದ ಎರಡೂ ಮೈಗೆ ದಬ್ಬಳದ ತುದಿಯಿಂದ ಬೆರಳಿನ ಅಗಲಕ್ಕೊಂದರಂತೆ ತೂತು ಚುಚ್ಚಿ. ತೂತು ದೊಡ್ಡದಾದರೆ ಅಲ್ಲಿ ಕಾಳು ಒಣಗಿ, ಬೂಷ್ಟು ಬೇಗ ಬೀಜ ಕಟ್ಟಿ ಕಪ್ಪಾಗುತ್ತದೆ. ಕಾಳು ಒಂದಕ್ಕೊಂದು ತಾಗುವಷ್ಟು ತಟ್ಟಿ, ಅದುಮಬೇಡಿ.

ಥರ್ಮಾಮೀಟರಿನ ಕಡ್ಡಿ ಒಂದು ಚೀಲದ ನಡುವೆಯೇ ಚುಚ್ಚಿರಲಿ. ಪೆಟ್ಟಿಗೆಯನ್ನು 31ಕ್ಕೆ ತಂದು ಬಿಡಿ. ನಡುವಿನ ಅಂಕಿ ಗಾಳಿಯ ಅಂಕಿಯನ್ನು ದಾಟಿದ ಗಳಿಗೆಗೆ ಬಲ್ಬ್ ಆರಿಸುವ ಹೊತ್ತಾಯಿತು ಅಂತ ತಿಳಿಯಿರಿ. ನಡು 36 ಆದರೆ ಮುಚ್ಚಳ ಬೆರಳಗಲ ಸರಿಸಿ. 38 ಆದರೆ ಮುಚ್ಚಳ ತೆಗೆದು ಚೀಲ ಒಂದಕ್ಕೊಂದು ದೂರ ಇಡಿ.

ಸಾಗರದ ಸೋಮಾರಿ · ಮಂಗಳವಾರ ಮಧ್ಯಾಹ್ನ 2:05

ಬಲ್ಬಿನ ವಿಷಯ ವಾಪಸ್ ತಗೊಂಡೆ. ಆದರೆ ವಿನೆಗರ್ ಯಾಕೆ? ಟೆಂಪೆಯ ತವರು ಜಾವಾದಲ್ಲಿ ಯಾರೂ ಹಾಕೋದಿಲ್ಲ ಅಂತ ಓದಿದ್ದೇನೆ. ಮತ್ತೆ ಪ್ಲಾಸ್ಟಿಕ್ ಚೀಲ ಯಾಕೆ, ಹಿತ್ತಿಲ ತುಂಬ ಬಾಳೆ ಎಲೆ ಇರೋವಾಗ?

ಬಿಳಿಕೋಟು · ಮಂಗಳವಾರ ಮಧ್ಯಾಹ್ನ 3:30

ಜಾವಾದಲ್ಲಿ ಬೇಡ, ಯಾಕೆಂದರೆ ಅಲ್ಲಿನ ಸೆಕೆಗೆ ನೆನೆಹಾಕಿದ ನೀರು ರಾತ್ರಿಯೊಳಗೆ ತಾನೇ ಹುಳಿಯಾಗುತ್ತದೆ. ಆ ಹುಳಿ ಕಾಳಿಗೆ ಇಳಿದು ಪಿಎಚ್ 5ರ ಕೆಳಗೆ ಬಂದರೆ ಬ್ಯಾಸಿಲಸ್‌ನಂಥವು ಸೊರಗುತ್ತವೆ, ರೈಜೋಪಸ್‌ಗೆ ಏನೂ ತೊಂದರೆಯಿಲ್ಲ. ನಿಮ್ಮ 22 ಡಿಗ್ರಿಯಲ್ಲಿ ಹನ್ನೆರಡು ಗಂಟೆ ಇಟ್ಟರೆ ನೀರಿಗೆ ಬರೀ ಹಸಿ ವಾಸನೆ. ವಿನೆಗರ್ ಆ ಕೊರತೆ ತುಂಬುತ್ತದೆ. ವಿನೆಗರ್ ಬೇಡವೆಂದರೆ ಪೆಟ್ಟಿಗೆಯಲ್ಲೇ 30 ಡಿಗ್ರಿಯಲ್ಲಿಟ್ಟು ಒಂದು ದಿನ ನೆನೆಸಿ. ಸಣ್ಣ ಗುಳ್ಳೆ, ಹುಳಿ ವಾಸನೆ ಬಂದ ಮೇಲೆ ಬೇಯಿಸಿ.

ಹಾಳೆಕೊಟ್ಟೆ · ಮಂಗಳವಾರ ಸಂಜೆ 5:15

ಬಾಳೆ ಎಲೆಯಲ್ಲಿ ಆಗುತ್ತದೆ, ಚೆನ್ನಾಗಿಯೂ ಆಗುತ್ತದೆ. ಮೊದಲ ಸಲಕ್ಕೆ ಚೀಲ ಹೇಳಿದ್ದು, ಒಳಗೆ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ ಅನ್ನುವುದಕ್ಕೆ. ಮಳೆಗಾಲದ ಎಲೆಯ ಮೇಲೆ ಕೆಸರು, ಬೇರೆ ಬೂಷ್ಟು ಎಲ್ಲ ಇರುತ್ತದೆ. ತೊಳೆದು, ಕೆಂಡದ ಮೇಲೆ ಬಾಡಿಸಿ, ಒರೆಸಿ ಕಟ್ಟಬೇಕು. ಒಂದೇ ಸುತ್ತು. ಎರಡು ಮೂರು ಸುತ್ತು ಕಟ್ಟಿದರೆ ಬಿಸಿಯೂ ಉಳಿಯುತ್ತದೆ, ಗಾಳಿಯೂ ಸಾಲದು.

ಗದ್ದೆಬದು · ಮಂಗಳವಾರ ಸಂಜೆ 6:40

ಇದು ನಾನು ಒಪ್ಪೋದಿಲ್ಲ. ಬಾಡಿಸಿದ ಎಲೆಗಿಂತ ಹಸಿ ಎಲೆಯಲ್ಲೇ ಬಿಳಿ ದಟ್ಟ ಬರೋದು, ತೇವ ಹದವಾಗಿ ಹಿಡಿದಿಡುತ್ತೆ. ಸೆಳೆತಕ್ಕೆ ಸೀಳಿದರೆ ಸೀಳಲಿ, ಅದೇ ಗಾಳಿಗೆ ದಾರಿ. ಸಾಗುವಾನಿ ಎಲೆಯೂ ಜಾವಾದಲ್ಲಿ ಬಳಸ್ತಾರೆ, ನಮ್ಮಲ್ಲಿ ಅದಕ್ಕೇನು ಬರವಾ?

ಇನ್ನೊಂದು ನನ್ನ ಪ್ರಶ್ನೆ. ಸೋಯಾ ನಮ್ಮ ಕಡೆ ಬೆಳೆಯೋದಿಲ್ಲ, ಬೀದರ್, ಧಾರವಾಡ ಕಡೆಯಿಂದ ಬರಬೇಕು. ಕಡಲೆಬೇಳೆಯಲ್ಲಿ ಮಾಡಬಹುದಾ?

ಹಾಳೆಕೊಟ್ಟೆ · ಮಂಗಳವಾರ ರಾತ್ರಿ 8:00

ಕಡಲೆಬೇಳೆ ಇನ್ನೂ ಸಲೀಸು, ಸಿಪ್ಪೆಯ ಕೆಲಸವೇ ಇಲ್ಲ. ಆರು ಗಂಟೆ ನೆನೆಸಿ, ಹತ್ತು ಹನ್ನೆರಡು ನಿಮಿಷ ಬೇಯಿಸಿದರೆ ಸಾಕು. ಒಲೆ ಬಿಟ್ಟು ಅತ್ತ ಹೋದಿರೋ, ಅದು ಹೋಳಿಗೆ ಹೂರಣದ ಹದಕ್ಕೆ ಬಂದಿರುತ್ತದೆ. ಮಿಕ್ಕದ್ದೆಲ್ಲ ಸೋಯಾದ ಹಾಗೇ.

ಹಸಿ ಎಲೆಯ ವಿಷಯದಲ್ಲಿ ನಿಮ್ಮ ಅನುಭವ ನಿಮಗೆ. ಮಡಚುವಲ್ಲಿ ಸೀಳಿ, ಸೀಳಿದಲ್ಲಿ ಕಾಳು ಒಣಗುವುದು ನನಗೆ ಹಿಡಿಸುವುದಿಲ್ಲ.

ಹೊಸನಗರದ ಅತ್ತಿಗೆ · ಮಂಗಳವಾರ ರಾತ್ರಿ 9:10

ಅಣ್ಣ, ಗಾಣದಿಂದ ಕೊಬ್ಬರಿ ಹಿಂಡಿ ತಂದದ್ದು ಮನೆಯಲ್ಲಿದೆ. ಸೋಯಾಕ್ಕೆ ಅರ್ಧ ಅದನ್ನು ಬೆರೆಸಿದರೆ ಖರ್ಚೂ ಕಡಿಮೆ, ರುಚಿಯೂ ಬಂದೀತು ಅಲ್ವಾ? ಕಾಯಿತುರಿಯಾದರೂ ಆಗಬಹುದಾ?

ಬಿಳಿಕೋಟು · ಮಂಗಳವಾರ ರಾತ್ರಿ 9:18

ಅತ್ತಿಗೆ, ದಯವಿಟ್ಟು ಬೇಡ. ಹಿಂಡಿಯೂ ಬೇಡ, ತುರಿಯೂ ಬೇಡ, ಒಂದು ಚಮಚವೂ ಬೇಡ. ಜಾವಾದಲ್ಲಿ ಕೊಬ್ಬರಿ ಹಿಂಡಿಯ ಟೆಂಪೆಗೆ ಬೊಂಗ್‌ಕ್ರೆಕ್ ಅನ್ನುತ್ತಾರೆ. ತಿಂದು ಬಹಳ ಜನ ಸತ್ತಿದ್ದಾರೆ. ಇಂಡೊನೇಷ್ಯಾ ಸರ್ಕಾರ 1988ರಲ್ಲಿ ಅದರ ತಯಾರಿಕೆಯನ್ನೇ ನಿಷೇಧಿಸಿತು. ತೆಂಗಿನ ಕೊಬ್ಬು ಇರುವಲ್ಲಿ ಬರ್ಖೋಲ್ಡೇರಿಯಾ ಅನ್ನುವ ಬ್ಯಾಕ್ಟೀರಿಯಾ ಸೇರಿಕೊಂಡರೆ ಬೊಂಗ್‌ಕ್ರೆಕಿಕ್ ಆಮ್ಲ ಮಾಡುತ್ತದೆ. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ, ಕುದಿಸಿದರೂ ಕರಿದರೂ ಹೋಗುವುದಿಲ್ಲ. ಕಾಯಿ ಹಾಕಲೇಬೇಕೆಂದರೆ ಟೆಂಪೆ ಆದ ಮೇಲೆ ಪಲ್ಯಕ್ಕೆ ಹಾಕಿ.

ಹೊಸನಗರದ ಅತ್ತಿಗೆ · ಮಂಗಳವಾರ ರಾತ್ರಿ 9:25

ಅಯ್ಯೋ ದೇವರೇ. ಹಿಂಡಿ ದನಕ್ಕೇ ಸರಿ.

ತುಂಗಾ ದಂಡೆ · ಶುಕ್ರವಾರ ಬೆಳಿಗ್ಗೆ 7:30

ಹೇಳಿದ ಹಾಗೇ ಮಾಡಿದೆ, ಒಡೆದ ಬೇಳೆ, ಮೂರು ಚೀಲ. ಬುಧವಾರ ಸಂಜೆ 6ಕ್ಕೆ ಪೆಟ್ಟಿಗೆಗೆ ಇಟ್ಟದ್ದು. ಮಧ್ಯರಾತ್ರಿ 12ಕ್ಕೆ ಗಾಳಿ 31, ನಡು 29, ಕಣ್ಣಿಗೆ ಏನೂ ಇಲ್ಲ, ಚೀಲದ ಒಳಮೈಗೆ ಸಣ್ಣ ಬೆವರು ಮಾತ್ರ. ಬೆಳಿಗ್ಗೆ 7ಕ್ಕೆ ಗಾಳಿ 31, ನಡು 32. ಕಾಳಿನ ಮೇಲೆ ಉಸಿರು ಬಿಟ್ಟ ಗಾಜಿನ ಹಾಗೆ ಮಬ್ಬು ಬಿಳಿ. ಬಲ್ಬ್ ಆರಿಸಿದೆ. 11ಕ್ಕೆ ಬಲ್ಬ್ ಇಲ್ಲದೆಯೇ ನಡು 36! ಮುಚ್ಚಳ ಸರಿಸಿದೆ. ಮಧ್ಯಾಹ್ನ 2ಕ್ಕೆ 38, ಮುಚ್ಚಳ ತೆಗೆದೆ, ಒಂದು ಗಂಟೆಯಲ್ಲಿ 35ಕ್ಕೆ ಇಳಿಯಿತು. ರಾತ್ರಿ 10ಕ್ಕೆ ತಾನಾಗಿ 31ಕ್ಕೆ ಬಂದಾಗ ತೆಗೆದೆ. ಅಲ್ಲಿಗೆ 28 ಗಂಟೆ.

ಮೇಲ್ಮೈ ದಟ್ಟ ಬಿಳಿ. ಒಂದು ತುದಿ ಹಿಡಿದು ಎತ್ತಿದರೆ ಬಾಗುವುದಿಲ್ಲ. ಅಡಿಕೆ ಕತ್ತಿಯ ಅಲಗಿನಷ್ಟು ತೆಳ್ಳಗೆ ಕೊಯ್ದರೂ ಒಂದು ಕಾಳೂ ಉದುರಲಿಲ್ಲ, ನಡುವೆಯೂ ಬಿಳಿ ತುಂಬಿದೆ. ವಾಸನೆ ಹಸಿ ಅಣಬೆಯದು.

ಎರಡು ಅನುಮಾನ. ತೂತುಗಳ ಸುತ್ತ ಬೂದು ಕಪ್ಪು ಚುಕ್ಕೆ ಬಂದಿವೆ. ಮತ್ತೆ ಮೂರರಲ್ಲಿ ಒಂದು ಚೀಲದ ಅಡಿಭಾಗ ಬೋಳು, ಕಾಳು ಹಾಗೇ ಕಾಣುತ್ತದೆ.

ಸಾಗರದ ಸೋಮಾರಿ · ಶುಕ್ರವಾರ ಬೆಳಿಗ್ಗೆ 8:02

ಕಪ್ಪು ಬಂದಿದೆ ಅಂದ್ರೆ ಕೆಟ್ಟಿದೆ, ಎಸೀರಿ. ಬೂಷ್ಟಿನ ವಿಷಯದಲ್ಲಿ ರಿಸ್ಕ್ ಬೇಡ.

ಹಾಳೆಕೊಟ್ಟೆ · ಶುಕ್ರವಾರ ಬೆಳಿಗ್ಗೆ 9:45

ಎಸೆಯಬೇಡಿ. ತೂತಿನ ಸುತ್ತ ಬರುವ ಬೂದು, ಕಪ್ಪು ಅದೇ ರೈಜೋಪಸ್‌ನ ಬೀಜಕಣ. ಗಾಳಿ ಜಾಸ್ತಿ ಸಿಕ್ಕ ಕಡೆ ಬೇಗ ಬಲಿಯುತ್ತದೆ. ತಿನ್ನಬಹುದು, ನೋಟ ಸೇರದಿದ್ದರೆ ಕೆರೆದು ತೆಗೆಯಿರಿ. ಸೋಮಾರಿಯವರ ಎಚ್ಚರ ಬೇರೆ ಬಣ್ಣಕ್ಕೆ ಸಲ್ಲುತ್ತದೆ. ಗುಲಾಬಿ, ಕಿತ್ತಳೆ, ಹಸಿರು, ಹಳದಿ ಯಾವುದು ಕಂಡರೂ ಪೂರ್ತಿ ಹಲ್ಲೆ ತಿಪ್ಪೆಗೆ, ಆ ಭಾಗ ಕೊಯ್ದು ಉಳಿದದ್ದು ತಿನ್ನುವುದೂ ಬೇಡ. ಎಳೆದರೆ ನೂಲು ಬರುವ ಲೋಳೆಯಿದ್ದರೂ ಅಷ್ಟೇ.

ಬೋಳು ಚೀಲ ಪೆಟ್ಟಿಗೆಯ ತಳಕ್ಕೆ ತಾಗಿ ಕೂತಿತ್ತಾ?

ತುಂಗಾ ದಂಡೆ · ಶುಕ್ರವಾರ ಬೆಳಿಗ್ಗೆ 10:10

ಹೌದು, ಉಳಿದೆರಡು ಇಡ್ಲಿ ಸ್ಟ್ಯಾಂಡಿನ ಮೇಲಿದ್ದವು. ಜಾಗ ಸಾಲದೆ ಅದನ್ನು ಕೆಳಗೆ ಸ್ಟೀಲ್ ತಟ್ಟೆಯ ಮೇಲೆ ಇಟ್ಟಿದ್ದೆ.

ಹಾಳೆಕೊಟ್ಟೆ · ಶುಕ್ರವಾರ ಬೆಳಿಗ್ಗೆ 10:30

ಹಾಗಾದರೆ ಕೆಳಗಿನ ತೂತುಗಳೆಲ್ಲ ತಟ್ಟೆಗೆ ಮುಚ್ಚಿಹೋಗಿದ್ದವು. ಲೋಳೆ, ಘಾಟು ಇಲ್ಲ ಅಂದರೆ ಇನ್ನೂ ಕೆಟ್ಟಿಲ್ಲ, ಗಾಳಿ ಸಿಕ್ಕಿಲ್ಲ ಅಷ್ಟೇ. ಮಗುಚಿ ಹಾಕಿ, ಕೆಳಗೆ ಎರಡು ಅಡಿಕೆ ದಬ್ಬೆ ಇಟ್ಟು ಎತ್ತರಿಸಿ. ನಿಮ್ಮ 22 ಡಿಗ್ರಿಗೆ ಈಗ ತಣ್ಣಗಾಗಿರುತ್ತದೆ, ಬಲ್ಬ್ ಹಾಕಿ 30ರಲ್ಲಿ ಆರೇಳು ಗಂಟೆ ಬಿಡಿ. ಬಿಳಿ ಬಂದರೆ ಸರಿ. ಬರದೆ ವಾಸನೆ ತಿರುಗಿದರೆ ಆ ಒಂದನ್ನು ಬಿಡಬೇಕಾಗುತ್ತದೆ.

ಆಗಿರುವ ಎರಡನ್ನು ಹಬೆಯಲ್ಲಿ ಹದಿನೈದು ನಿಮಿಷ ಬೇಯಿಸಿ ಫ್ರಿಜ್ಜಿಗೆ ಹಾಕಿ. ಹಸಿಯಾಗಿಯೇ ಇಡುವುದಾದರೆ ಒಂದರ ಮೇಲೊಂದು ಪೇರಿಸಬೇಡಿ, ಫ್ರಿಜ್ಜಿನೊಳಗೂ ತಣ್ಣಗಾಗುವವರೆಗೆ ಬಿಸಿ ಬಿಡುತ್ತಲೇ ಇರುತ್ತದೆ.

ಗದ್ದೆಬದು · ಶುಕ್ರವಾರ ಬೆಳಿಗ್ಗೆ 11:15

ಆ ಕಪ್ಪು ಬೀಜಕಣ ಕೆರೆದಿಟ್ಟು ಮುಂದಿನ ಸಲಕ್ಕೆ ಹೆಪ್ಪು ಮಾಡಬಹುದಲ್ಲ? ಪ್ರತಿ ಸಲ ಆನ್‌ಲೈನ್ ಯಾಕೆ?

ಬಿಳಿಕೋಟು · ಶುಕ್ರವಾರ ಮಧ್ಯಾಹ್ನ 12:40

ಒಂದೆರಡು ಸಲ ನಡೆಯುತ್ತದೆ. ಆಮೇಲೆ ಬೇರೆ ಬೂಷ್ಟು, ಬ್ಯಾಕ್ಟೀರಿಯಾ ಜೊತೆಗೆ ಸೇರುತ್ತಾ ಹೋಗುತ್ತವೆ, ಅದೂ ಈ ಹವೆಯಲ್ಲಿ. ನಾನಾದರೆ ಮಾಡುವುದಿಲ್ಲ.

ಗದ್ದೆಬದು · ಶುಕ್ರವಾರ ಮಧ್ಯಾಹ್ನ 12:55

ಜಾವಾದಲ್ಲಿ ಎಲೆಯ ಮೇಲೆ ಬೆಳೆಸಿ ಒಣಗಿಸಿಟ್ಟೇ ತಲೆಮಾರುಗಟ್ಟಲೆ ಮಾಡಿದ್ದಾರೆ ಸ್ವಾಮಿ. ಬಿಸಿಲು ಬಂದ ಮೇಲೆ, ಅಕ್ಟೋಬರಿನಲ್ಲಿ ಬೇರೆ ಚರ್ಚೆ ಶುರು ಮಾಡ್ತೇನೆ, ಅಲ್ಲಿ ಜಗಳ ಮುಂದುವರಿಸೋಣ.

ತುಂಗಾ ದಂಡೆ · ಶುಕ್ರವಾರ ಸಂಜೆ 6:20

ಮಗುಚಿ ಹಾಕಿದ ಚೀಲದ ಅಡಿಗೆ ಬಿಳಿ ಬಂತು. ಮೇಲಿನಷ್ಟು ದಟ್ಟ ಇಲ್ಲ, ಅಂಚಿನ ಎರಡು ಬೆರಳಗಲ ಇನ್ನೂ ಸಡಿಲ. ವಾಸನೆ ಸರಿಯಿದೆ. ಅಂಚು ಪುಡಿ ಮಾಡಿ ಪಲ್ಯಕ್ಕೆ ಹಾಕ್ತೇನೆ, ಉಳಿದದ್ದು ಕರಿಯಲು.